ಬೂದಿ ಹಾರದಂತೆ ಊದಿದವಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಒಲೆಯಮ್ಮನ ಕತೆಯಲ್ಲಿ ತಪ್ಪು ಮಾಡಿದವರ ಪಟ್ಟಿ ಬರೆಯಲು ಕೂತರೆ ನನ್ನನ್ನು ಬಿಟ್ಟು ಬರೆಯಲಾಗುವುದಿಲ್ಲ.

ನನ್ನ ಕೆಲಸ ಜನರನ್ನು ಊದಿಸುವುದು. ಆಸ್ಪತ್ರೆಯ ಎದೆರೋಗ ವಿಭಾಗದಲ್ಲಿ, ಎಕ್ಸ್‌ರೇ ಕೋಣೆಗೆ ಅಂಟಿಕೊಂಡಂತೆ ಒಂದು ಸಣ್ಣ ಕೋಣೆ. ಒಂದು ಮೇಜು, ಎರಡು ಕುರ್ಚಿ, ಸ್ಪೈರೋಮೀಟರ್ ಎಂಬ ಯಂತ್ರ, ಕಾಗದದ ಕೊಳವೆಗಳ ಡಬ್ಬ, ಮೂಗಿಗೆ ಹಾಕುವ ಕ್ಲಿಪ್ಪು. ಬಂದವರು ಎದೆ ತುಂಬ ಉಸಿರು ಎಳೆದುಕೊಂಡು, ಕೊಳವೆಯನ್ನು ಹಲ್ಲಿನ ನಡುವೆ ಇಟ್ಟು, ತುಟಿ ಬಿಗಿದು, ಒಂದೇ ಏಟಿಗೆ ಜೋರಾಗಿ ಊದಬೇಕು. ಊದಿ ನಿಲ್ಲಿಸಬಾರದು, ಒಳಗಿರುವುದೆಲ್ಲ ಖಾಲಿಯಾಗುವ ತನಕ, ಕಡೇಪಕ್ಷ ಆರು ಸೆಕೆಂಡು ಊದುತ್ತಲೇ ಇರಬೇಕು. ಹೀಗೆ ಒಂದಕ್ಕೊಂದು ಹೊಂದುವಂಥ ಮೂರು ಊದು ಬೇಕು. ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಗೆ ಬಂತು, ಒಟ್ಟು ಎಷ್ಟು ಬಂತು ಎಂದು ಯಂತ್ರ ಹೇಳುತ್ತದೆ. ಚೆನ್ನಾಗಿರುವ ಶ್ವಾಸಕೋಶ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಭಾಗವನ್ನು ಮೊದಲ ಸೆಕೆಂಡಿನಲ್ಲೇ ಹೊರಗೆ ತಳ್ಳುತ್ತದೆ. ಶ್ವಾಸಕೋಶದೊಳಗಿನ ಕೊಳವೆಗಳು ಕಿರಿದಾಗಿದ್ದರೆ ತಳ್ಳಲಾಗುವುದಿಲ್ಲ.

"ಊದಿ, ಊದಿ, ಊದಿ, ಇನ್ನೂ, ಇನ್ನೂ" ಎಂದು ನಾನು ದಿನವಿಡೀ ಕೂಗುವುದು ಔಷಧಿ ಕೊಡುವ ಕಿಟಕಿಯ ತನಕ ಕೇಳುತ್ತದಂತೆ. ಆ ಕಿಟಕಿಯವನು ನನಗೆ ಹಾರ್ನು ಎಂದು ಹೆಸರಿಟ್ಟಿದ್ದಾನೆ. ನನ್ನ ಮೇಜಿನ ಮೇಲೆ ಒಂದು ರಬ್ಬರ್ ಸೀಲು ಇತ್ತು. ಮೂರು ಸಲ, ನಾಲ್ಕು ಸಲ ಹೇಳಿದರೂ ಸರಿಯಾಗಿ ಊದದವರ ಕಾಗದದ ಮೇಲೆ ಅದನ್ನು ಒತ್ತುತ್ತಿದ್ದೆ: "ಸಹಕರಿಸಲಿಲ್ಲ."

ಒಲೆಯಮ್ಮನ ಕಾಗದದ ಮೇಲೆ ಅದನ್ನು ಎರಡು ಸಲ ಒತ್ತಿದ್ದೇನೆ.

ಮೊದಲ ಸಲ ಬಂದಾಗ ಅವಳು ಬಾಗಿಲಲ್ಲಿ ನಿಂತು ಗೋಡೆಯ ಕ್ಯಾಲೆಂಡರನ್ನು ಬಹಳ ಹೊತ್ತು ನೋಡಿದಳು. ಐವತ್ತೆಂಟು ವರ್ಷದ ಕುಳ್ಳಗಿನ ಹೆಂಗಸು. ಬಟ್ಟೆಯಿಂದ ಹೊಗೆ ವಾಸನೆ. ಕ್ಯಾಲೆಂಡರಿನಲ್ಲಿ ಏನು ನೋಡುತ್ತಾಳೋ ಎಂದುಕೊಂಡೆ. ಅದು ದಣಿವಾರಿಸಿಕೊಳ್ಳುವ ಉಪಾಯ ಎಂದು ತಿಳಿದದ್ದು ಆಮೇಲೆ. ಮೆಟ್ಟಿಲು ಹತ್ತಿ ಬಂದವಳಿಗೆ ಉಸಿರು ಸಿಕ್ಕದೇ ಇದ್ದಾಗ, ಏದುಸಿರು ಬಿಡುವುದು ಕಾಣಬಾರದೆಂದು ಎದುರಿಗೆ ಸಿಕ್ಕಿದ್ದನ್ನು ನೋಡುತ್ತ ನಿಲ್ಲುತ್ತಿದ್ದಳು. ದಾರಿಯಲ್ಲಿ ಅಂಗಡಿ ನೋಡುತ್ತಿದ್ದಳು, ಗೋಡೆ ಬರಹ ನೋಡುತ್ತಿದ್ದಳು. ಹಾಗೆ ನಿಂತೂ ನಿಂತೂ ಊರಿನ ಪ್ರತಿಯೊಂದು ಬೋರ್ಡೂ ಅವಳಿಗೆ ಬಾಯಿಪಾಠವಾಗಿತ್ತು.

ನಾನು ನಮೂನೆ ತುಂಬಿದೆ. "ಬೀಡಿ, ಸಿಗರೇಟು?" ಎಂದೆ.

"ಅಯ್ಯೋ, ಇಲ್ಲ ತಾಯಿ."

"ಮನೇಲಿ ಯಾರಾದ್ರೂ ಸೇದ್ತಾರಾ?"

"ಯಜಮಾನ್ರು ಸೇದ್ತಿರಲಿಲ್ಲ. ಅವರು ಹೋಗಿ ಹತ್ತೊಂಬತ್ತು ವರ್ಷ ಆಯ್ತು. ಮಗ ಲಾರಿ ಮೇಲೆ ಇರ್ತಾನೆ, ಅಲ್ಲಿ ಏನು ಮಾಡ್ತಾನೋ ನಾ ಕಾಣೆ."

ನಮೂನೆಯಲ್ಲಿ ಅದಕ್ಕಿಂತ ಹೆಚ್ಚು ಪ್ರಶ್ನೆ ಇರಲಿಲ್ಲ. ನಾನೂ ಕೇಳಲಿಲ್ಲ. ಕೊಳವೆ ಕೈಗೆ ಕೊಟ್ಟೆ. ಅವಳು ಅದನ್ನು ಹಲ್ಲಿನ ನಡುವೆ ಇಡದೆ ತುಟಿಯ ಅಂಚಿಗೆ ಒತ್ತಿಕೊಂಡು, ತುಟಿ ಮುಂದೆ ಮಾಡಿ, ಮೆಲ್ಲಗೆ, ಬಹಳ ಮೆಲ್ಲಗೆ ಊದಿದಳು. ಪರದೆಯ ಮೇಲೆ ಗೆರೆ ಮೇಲಕ್ಕೆ ಏಳಲೇ ಇಲ್ಲ, ನೆಲ ಬಿಡದೆ ಹರಿದಾಡಿತು. "ಜೋರಾಗಿ ಅಮ್ಮ, ಜೋರಾಗಿ" ಎಂದೆ. ಅವಳು ತಲೆಯಾಡಿಸಿ ಮತ್ತೂ ಮೆಲ್ಲಗೆ, ಮತ್ತೂ ಉದ್ದಕ್ಕೆ ಊದಿದಳು. ಆರನೆಯ ಸಲಕ್ಕೆ ನನ್ನ ಪಿತ್ತ ನೆತ್ತಿಗೇರಿತು. ಹೊರಗೆ ಹದಿನಾಲ್ಕು ಜನ ಕಾಯುತ್ತಿದ್ದರು. ಸೀಲು ಒತ್ತಿ ಕೊಟ್ಟೆ. ಒಂದು ತಿಂಗಳಾದ ಮೇಲೆ ಮತ್ತೆ ಬಂದಳು. ಮತ್ತೆ ಅದೇ ಹಾಡು, ಮತ್ತೆ ಅದೇ ಸೀಲು.

"ಇದನ್ನ ತೋರಿಸಿದ್ರೆ ಅವರು ಏನಂತಾರೋ" ಎಂದು ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. ಯಾರು, ಏನು ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ.

ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಅವಳು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತನಾಲ್ಕು ವರ್ಷದಿಂದ ಅಡುಗೆಯವಳು. ನೂರಿಪ್ಪತ್ತು ಹುಡುಗಿಯರಿಗೆ ಎರಡು ಹೊತ್ತು ಸೌದೆ ಒಲೆಯ ಮೇಲೆ ಬೇಯಿಸಿ ಹಾಕುವವಳು. ಒಲೆಯಮ್ಮ ಎಂಬುದು ಆ ಹುಡುಗಿಯರು ಇಟ್ಟ ಹೆಸರು. ಈಚೆಗೆ ದೊಡ್ಡ ಪಾತ್ರೆ ಎತ್ತಲಾಗುತ್ತಿರಲಿಲ್ಲ, ಎರಡು ಸಲ ಊಟ ತಡವಾಗಿತ್ತು. "ಕಾಯಿಲೆ ಇದ್ರೆ ಆಸ್ಪತ್ರೆ ಕಾಗದ ತನ್ನಿ, ಇಲ್ಲಾಂದ್ರೆ ಸೊಸೆಗೆ ಜಾಗ ಬಿಡಿ" ಎಂದಿದ್ದರು ವಾರ್ಡನ್. ಸೊಸೆ ಆಗಲೇ ಅಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಬರುತ್ತಿದ್ದಳು, ಏಳು ತಿಂಗಳ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು.

ಯಾರಿಗಾದರೂ ಇದು ಒಳ್ಳೆಯದೇ ಅನ್ನಿಸಬಹುದು. ಕೆಲಸ ಮನೆಯಲ್ಲೇ ಉಳಿಯಿತಲ್ಲ ಎಂದು. ಒಲೆಯಮ್ಮನಿಗೆ ಹಾಗೆ ಅನ್ನಿಸಲಿಲ್ಲ. ತನ್ನ ಎದೆಯಲ್ಲಿ ಏನು ಕೂತಿದೆಯೋ ಅದನ್ನು ಕೂರಿಸಿದ್ದು ಆ ಅಡುಗೆಮನೆ ಎಂದು ಅವಳಿಗೆ ಒಳಗೊಳಗೇ ಗೊತ್ತಿತ್ತು. ಡಾಕ್ಟರುಗಳಿಗೆ ಗೊತ್ತಿರಲಿಲ್ಲ. ಒಬ್ಬರು ವಯಸ್ಸು ಎಂದರು. ಒಬ್ಬರು ಆಸ್ತಮಾ ಎಂದರು. ಇನ್ನೊಬ್ಬರು ಕಫ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಆರು ತಿಂಗಳು ಕ್ಷಯದ ಮಾತ್ರೆ ನುಂಗಿಸಿದರು. ಅವಳಿಗೆ ಬೇಕಾಗಿದ್ದದ್ದು ಒಂದೇ: ಹೊಗೆಯಿಂದ ಹೀಗಾಯಿತು ಎಂದು ಬರೆದ ಕಾಗದ. ಅದು ಕೈಯಲ್ಲಿದ್ದರೆ ಹಾಸ್ಟೆಲಿನ ಕಮಿಟಿಯ ಮುಂದೆ ಇಟ್ಟು, ಸೊಸೆ ಆ ಒಲೆಯ ಮುಂದೆ ಕೂರುವ ಮೊದಲು ಒಲೆಯನ್ನೇ ತೆಗೆಸಬೇಕು ಎಂದು ಅವಳ ಹಟ. ಅವಳ ಕೈಗೆ ನಾನು ಕೊಟ್ಟದ್ದು "ಸಹಕರಿಸಲಿಲ್ಲ."

ವರ್ಷಕ್ಕೊಮ್ಮೆ ಹಾಸ್ಟೆಲಿನ ಹುಡುಗಿಯರ ಆರೋಗ್ಯ ತಪಾಸಣೆ ಇರುತ್ತದೆ. ಆ ಸಲ ಹೊಸದಾಗಿ ಬಂದ ಎದೆರೋಗದ ಡಾಕ್ಟರಮ್ಮ, ಕೈಯಲ್ಲಿ ಹಿಡಿಯುವ ಸಣ್ಣ ಸ್ಪೈರೋಮೀಟರ್ ಸಮೇತ ನನ್ನನ್ನೂ ಹೊರಡಿಸಿದರು. ಬುಧವಾರ ಬೆಳಿಗ್ಗೆ. ಕಮಿಟಿಯ ಸಭೆ ಶನಿವಾರ ಎಂದು ನನಗೆ ಆಗ ಗೊತ್ತಿರಲಿಲ್ಲ. ಕೈ ತೊಳೆಯಲು ನೀರು ಹುಡುಕುತ್ತ ನಾನು ಹಿತ್ತಲಿಗೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ಇಣುಕಿದೆ.

ಮೊದಲು ಏನೂ ಕಾಣಲಿಲ್ಲ. ಕಣ್ಣು ಉರಿದು ನೀರು ಬಂತು. ಆಮೇಲೆ ಒಂದೊಂದಾಗಿ ಕಾಣತೊಡಗಿತು. ಕೈಯೆತ್ತಿದರೆ ಸಿಗುವ ತಗಡಿನ ಮಾಡು. ಅದರ ಕೆಳಗೆ ಮಸಿಯ ಎಳೆಗಳು ತೂಗಾಡುತ್ತಿದ್ದವು. ಸಾಲಾಗಿ ಮೂರು ಒಲೆ. ಒಂದೇ ಕಿಟಕಿ, ಅದಕ್ಕೂ ಹಲಗೆ ಬಡಿದಿತ್ತು, ಬೆಕ್ಕು ಬರುತ್ತದೆಂದು. ಮೂಲೆಯಲ್ಲಿ ಹಸಿ ಸೌದೆಯ ರಾಶಿ. ಬಾಗಿಲ ಬಳಿ ಒಬ್ಬಳು ಹುಡುಗಿ, ಬೆನ್ನಿಗೆ ಕೂಸು ಕಟ್ಟಿಕೊಂಡು ತರಕಾರಿ ಹೆಚ್ಚುತ್ತ ಕೆಮ್ಮುತ್ತಿದ್ದಳು. ಕೂಸು ಕೂಡ ಕೆಮ್ಮುತ್ತಿತ್ತು. ನಡುವಿನ ಒಲೆಯ ಮುಂದೆ ಮಣೆಯ ಮೇಲೆ ಕೂತು, ಕಬ್ಬಿಣದ ಊದುಗೊಳವೆ ಹಿಡಿದು ಒಲೆಯಮ್ಮ ಊದುತ್ತಿದ್ದಳು.

ನಾನು ನಿಂತಲ್ಲೇ ನಿಂತೆ. ಕೊಳವೆ ತುಟಿಯ ಅಂಚಿನಲ್ಲಿ. ತುಟಿ ಮುಂದಕ್ಕೆ. ಮೆಲ್ಲಗೆ ಶುರುವಾದ ಉಸಿರು ಒಂದೇ ಹದದಲ್ಲಿ ಹೋಗುತ್ತಲೇ ಇತ್ತು. ಅಭ್ಯಾಸಬಲದಿಂದ ಎಣಿಸಿದೆ, ಒಂಬತ್ತು ಸೆಕೆಂಡು. ಕೆಂಡ ಹೊಳೆಯಿತು, ಉರಿ ಎದ್ದಿತು. ಪಕ್ಕದಲ್ಲೇ ಮುಚ್ಚಳವಿಲ್ಲದ ಅನ್ನದ ಪಾತ್ರೆ. ಒಂದು ಚೂರೂ ಬೂದಿ ಹಾರಲಿಲ್ಲ.

ಇವಳು ನನ್ನ ಕೋಣೆಯಲ್ಲಿ ಮಾಡಿದ್ದು ಇದನ್ನೇ. ಊದು ಎಂದಿದ್ದೆ, ಅವಳಿಗೆ ಬರುವ ಊದನ್ನು ಊದಿದ್ದಳು. ನಲವತ್ತು ವರ್ಷ ಪಳಗಿಸಿದ ವಿದ್ಯೆಯನ್ನು, ಅಷ್ಟು ಜನ ಕಾಯುತ್ತಿರುವಾಗ, ತಪ್ಪಿಲ್ಲದೆ ಮಾಡಿ ತೋರಿಸಿದ್ದಳು. ಜೋರಾಗಿ ಎಂದಾಗ ತಾನು ಅವಸರ ಮಾಡಿದೆನೇನೋ ಎಂದು ಇನ್ನೂ ನಾಜೂಕಾಗಿ ಊದಿದ್ದಳು.

"ಅಮ್ಮ, ಹೀಗೆ ಊದೋದನ್ನ ಯಾರು ಕಲಿಸಿದ್ರು?" ಎಂದೆ.

ಅವಳು ನನ್ನ ಗುರುತು ಹಿಡಿದು ಸ್ವಲ್ಪ ಹೆದರಿದಳು. "ನಮ್ಮತ್ತೆ. ಮದುವೆ ಆಗಿ ಬಂದ ಹೊಸದ್ರಲ್ಲಿ ಪಾತ್ರೆಗೆ ಬೂದಿ ಬಿದ್ರೆ ಆ ಅನ್ನಾನೆಲ್ಲ ನನಗೇ ಬಡಿಸೋರು. ಎರಡು ದಿನ ಬೂದಿ ತಿಂದೆ, ಮೂರನೇ ದಿನ ಕಲ್ತೆ."

"ಕೊಳವೆ ಒಳಗೇ ಬೂದಿ ಕಟ್ಟಿಕೊಂಡ್ರೆ ಏನು ಮಾಡ್ತೀರಿ?"

"ಅದಕ್ಕೇನು, ಆಚೆ ಹೋಗಿ ಒಂದೇ ಏಟಿಗೆ ಹಾರಿಸಿಬಿಡ್ತೀನಿ. ಒಳಗೆ ಮಾಡಿದ್ರೆ ಅಡುಗೆ ಕೆಡುತ್ತೆ."

"ಆ ಊದು ಬೇಕು ನನಗೆ" ಎಂದೆ. "ನನ್ನ ಮಿಷನ್ನಿನಲ್ಲಿ ಬೂದಿ ಕಟ್ಟಿದೆ ಅಂತ ತಿಳ್ಕೊಳ್ಳಿ. ಒಂದೇ ಏಟಿಗೆ ಹಾರಿಸಿ."

"ಅಷ್ಟೇನಾ?" ಎಂದಳು. "ಆವತ್ತೇ ಹೇಳಬಾರದಿತ್ತಾ, ತಾಯಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಅದೇ ತಡೆಯಲಾಗಲಿಲ್ಲ.

ವಾರ್ಡನ್ ಕೋಣೆಯಲ್ಲಿ ಅವಳನ್ನು ದಣಿವಾರಲೆಂದು ಅರ್ಧ ಗಂಟೆ ಸುಮ್ಮನೆ ಕೂರಿಸಿದೆ. ಆಮೇಲೆ ಕೊಳವೆಯನ್ನು ಹಲ್ಲಿನ ನಡುವೆ ಇಟ್ಟು ತುಟಿ ಬಿಗಿಯುವುದನ್ನು ತೋರಿಸಿದೆ. ಮೊದಲ ಊದಿನಲ್ಲೇ ಗೆರೆ ನೆಟ್ಟಗೆ ಮೇಲೆದ್ದಿತು. ಎದ್ದ ಗೆರೆ ಚೆನ್ನಾಗಿರುವವರಲ್ಲಿ ಓರೆಯಾಗಿ ನೇರ ಇಳಿಯುತ್ತದೆ. ಇವಳದು ಎದ್ದಷ್ಟೇ ಬೇಗ ಕುಸಿದು, ಒಳಕ್ಕೆ ಬಾಗಿ, ಕೊನೆಯಿಲ್ಲದೆ ಎಳೆಯಿತು. ಹನ್ನೊಂದು ಸೆಕೆಂಡಾದರೂ ಗಾಳಿ ಸಣ್ಣಗೆ ಬರುತ್ತಲೇ ಇತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಮೂರನೆಯದರ ನಂತರ ಅವಳ ತುಟಿ ಕಪ್ಪಿಟ್ಟಿತ್ತು. ನಾನು ಕೂಗಿರಲಿಲ್ಲ, ಕೂಗುವ ಅಗತ್ಯವೇ ಬೀಳಲಿಲ್ಲ.

ಇಷ್ಟಕ್ಕೇ ತೀರ್ಮಾನ ಮಾಡುವ ಹಾಗಿಲ್ಲ. ಆಸ್ತಮಾದಲ್ಲೂ ಗೆರೆ ಹೀಗೇ ಬಾಗಬಹುದು. ಆಸ್ತಮಾ ಆದರೆ ಕೊಳವೆ ಹಿಗ್ಗಿಸುವ ಔಷಧಿಯಿಂದ ಬಹಳಷ್ಟು ಸಲ ಗೆರೆ ಸರಿಹೋಗುತ್ತದೆ. ಪಂಪಿನಿಂದ ನಾಲ್ಕು ಸಲ ಔಷಧಿ ಎಳೆಸಿ ಹದಿನೈದು ನಿಮಿಷ ಕಾಯಬೇಕು. ಆ ಹದಿನೈದು ನಿಮಿಷದಲ್ಲಿ ನಾನು ಅವಳನ್ನು ಮೊದಲ ಸಲ ಮಾತಾಡಿಸಿದೆ.

ಹುಡುಗಿಯರ ಸುದ್ದಿ ಹೇಳಿದಳು. ಯಾವಳಿಗೆ ಕೆನ್ನೆ ಬತ್ತಿದೆ, ಯಾವಳು ಮನೆಯ ನೆನಪಾಗಿ ಊಟ ಬಿಟ್ಟಿದ್ದಾಳೆ, ತಟ್ಟೆ ಹಿಡಿದು ಬರುವ ರೀತಿಯಲ್ಲೇ ತನಗೆ ತಿಳಿಯುತ್ತದೆ ಎಂದಳು. ಊಟ ಬಿಟ್ಟವಳಿಗೆ ಬಯ್ಯುವುದಿಲ್ಲವಂತೆ. "ಉಪ್ಪು ನೋಡು ಬಾರೇ, ನನ್ನ ನಾಲಿಗೆ ಕೆಟ್ಟಿದೆ" ಎಂದು ಕರೆದು ಬಟ್ಟಲು ತುಂಬ ಕೊಡುತ್ತಾಳಂತೆ. ಉಪ್ಪು ನೋಡಲು ಹೋಗಿ ಎಷ್ಟೋ ಮಕ್ಕಳು ಊಟ ಮುಗಿಸಿದ್ದಾರೆ. ಹಾಗೆ ಉಪ್ಪು ನೋಡಿದವರಲ್ಲಿ ಒಬ್ಬಳು ಈಗ ನಮ್ಮ ಆಸ್ಪತ್ರೆಯಲ್ಲೇ ನರ್ಸು. ಇಷ್ಟು ಹೇಳುವುದರೊಳಗೆ ಮೂರು ಸಲ ಮಾತು ನಿಲ್ಲಿಸಿ ಗೋಡೆಯ ವೇಳಾಪಟ್ಟಿ ನೋಡಿದಳು. ಈ ಸಲ ನನಗೆ ಅರ್ಥವಾಗಿತ್ತು, ನಾನೂ ಅವಳ ಜೊತೆ ವೇಳಾಪಟ್ಟಿ ನೋಡಿದೆ. ಶನಿವಾರದ ಸಭೆಯ ವಿಷಯ ತಿಳಿದದ್ದು ಆಗಲೇ.

ಔಷಧಿ ಎಳೆದ ಮೇಲೂ ಲೆಕ್ಕ ಹೆಚ್ಚು ಬದಲಾಗಲಿಲ್ಲ. ಮೊದಲ ಸೆಕೆಂಡಿನಲ್ಲಿ ಬಂದದ್ದು ನೂರಕ್ಕೆ ಐವತ್ತೆರಡು.

ಡಾಕ್ಟರಮ್ಮ ಹುಡುಗಿಯರ ಸಾಲನ್ನು ಬಿಟ್ಟು ಎದ್ದು ಬಂದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಅವಳು ತಂದುಕೊಟ್ಟ ಹಳೆಯ ಎಕ್ಸ್‌ರೇ ಕಿಟಕಿಗೆ ಹಿಡಿದು ನೋಡಿದರು, ಅಡುಗೆಮನೆಯನ್ನೂ ಹೋಗಿ ನೋಡಿ ಕಣ್ಣು ಒರೆಸಿಕೊಂಡು ಬಂದರು. "ಒಲೆ ಮುಂದೆ ದಿನಕ್ಕೆ ಎಷ್ಟು ಹೊತ್ತು ಕೂರ್ತೀರಿ, ಅಮ್ಮ?" ಎಂದು ಕೇಳಿದರು.

"ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ. ಮನೇದು ಬೇರೆ."

"ಆರು ಗಂಟೆ ಅಂತಲೇ ಹಿಡಿಯೋಣ. ಮೂವತ್ತನಾಲ್ಕು ವರ್ಷ. ಗಂಟೇನ ವರ್ಷದಿಂದ ಗುಣಿಸಿದ್ರೆ ಇನ್ನೂರ ನಾಲ್ಕು." ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಬೀಡಿ ಸೇದೋರಿಗೆ ದಿನಕ್ಕೆ ಎಷ್ಟು, ಎಷ್ಟು ವರ್ಷ ಅಂತ ಕೇಳ್ತೀವಲ್ಲ, ಇವರಿಗೆ ಕೇಳಬೇಕಾದ ಲೆಕ್ಕ ಇದು. ನಮ್ಮ ನಮೂನೇಲಿ ಇದು ಎಲ್ಲಿದೆ?"

ಎಲ್ಲೂ ಇರಲಿಲ್ಲ.

"ನಾನು ಒಂದು ಬೀಡೀನೂ ಮುಟ್ಟಿದವಳಲ್ಲ" ಎಂದಳು ಒಲೆಯಮ್ಮ.

"ಬೀಡಿ ಮುಟ್ಟದಿದ್ರೂ ಹೊಗೆ ನಿಮ್ಮನ್ನ ಮುಟ್ಟಿದೆ. ದಪ್ಪ ಮಸೀನ ಮೂಗು, ಗಂಟಲು ಹಿಡಿದುಕೊಳ್ತವೆ. ಕಣ್ಣಿಗೆ ಕಾಣದ ಸಣ್ಣ ಪುಡಿ ಇರುತ್ತಲ್ಲ, ಅದು ಶ್ವಾಸಕೋಶದ ಕೊನೇ ಕೊಳವೆ ತನಕ ಹೋಗುತ್ತೆ. ಅಲ್ಲಿ ಕಸ ತೆಗೆಯೋ ಜೀವಕಣಗಳಿವೆ, ಅವು ಅದನ್ನ ನುಂಗ್ತವೆ, ಆದ್ರೆ ಅರಗಿಸಿಕೊಳ್ಳೋಕೆ ಆಗಲ್ಲ. ಊತ ಬರುತ್ತೆ. ಒಂದು ದಿನದ್ದಾದ್ರೆ ಇಳಿಯುತ್ತೆ. ದಿನಾ ಆದ್ರೆ ಕೊಳವೆ ಗೋಡೆ ದಪ್ಪ ಆಗುತ್ತೆ, ಗಾಯ ಮಾಗಿ ಗಟ್ಟಿಯಾದ ಹಾಗೆ. ಕಫ ಹೆಚ್ಚುತ್ತೆ, ಅದನ್ನ ಮೇಲಕ್ಕೆ ದೂಡೋ ಸಣ್ಣ ರೋಮಗಳು ಕೆಡ್ತವೆ. ಉಸಿರು ಎಳೆಯುವಾಗ ಎದೆ ಹಿಗ್ಗುತ್ತಲ್ಲ, ಕೊಳವೇನೂ ತೆರೆಯುತ್ತೆ, ಗಾಳಿ ಒಳಗೆ ಹೋಗುತ್ತೆ. ಬಿಡುವಾಗ ಕೊಳವೆ ಮುಚ್ಚಿಕೊಳ್ಳುತ್ತೆ, ಗಾಳಿ ಒಳಗೇ ಸಿಕ್ಕಿಕೊಳ್ಳುತ್ತೆ."

"ಹೌದು" ಎಂದಳು ಒಲೆಯಮ್ಮ. "ಎಲ್ಲರೂ ಉಸಿರು ಸಾಲದಾ, ಸಾಲದಾ ಅಂತ ಕೇಳೋರು. ನನಗೆ ಸಾಲದು ಅನ್ನಿಸ್ತಾ ಇರಲಿಲ್ಲ. ಒಳಗೆ ಜಾಗ ಇಲ್ಲ ಅನ್ನಿಸೋದು. ಹೇಳಿದ್ರೆ ನಗ್ತಾರೆ ಅಂತ ಹೇಳಲಿಲ್ಲ."

ಡಾಕ್ಟರಮ್ಮ ನಗಲಿಲ್ಲ. ಸಿಗರೇಟಿನವರ ಶ್ವಾಸಕೋಶದಲ್ಲಿ ಗಾಳಿಯ ಚೀಲಗಳೇ ಹೆಚ್ಚಾಗಿ ಹಾಳಾಗುತ್ತವೆ, ಒಲೆಯ ಹೊಗೆಯವರಲ್ಲಿ ಕೊಳವೆಗಳು ಹೆಚ್ಚು ಕೆಡುತ್ತವೆ, ಅದಕ್ಕೇ ಎಕ್ಸ್‌ರೇ ನೋಡಿದವರು ಮೋಸಹೋಗುತ್ತಾರೆ, ಊದಿಸಿ ನೋಡದೆ ತಿಳಿಯುವುದಿಲ್ಲ ಎಂದು ಬಿಡಿಸಿ ಹೇಳಿದರು. ಪಂಪ್ ಬರೆದುಕೊಟ್ಟರು. ಹೋದದ್ದು ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಹೊಗೆ ಬಿಟ್ಟರೆ ಮುಂದಿನದು ನಿಧಾನವಾಗುತ್ತದೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಕಾಗದದ ಮೇಲೆ ದೊಡ್ಡಕ್ಷರದಲ್ಲಿ ಬರೆದರು: ಸೌದೆ ಹೊಗೆಯಿಂದ ಬಂದ ದೀರ್ಘಕಾಲದ ಶ್ವಾಸಕೋಶ ರೋಗ. ಒಲೆಯಮ್ಮ ಈ ಕಾಗದವನ್ನು ಮಡಿಸಲಿಲ್ಲ.

ಶನಿವಾರದ ಸಭೆಗೆ ನನಗೆ ಕರೆ ಇರಲಿಲ್ಲ, ನಾನೇ ಹೋದೆ. ಅಧ್ಯಕ್ಷರು, ಮೂವರು ಸದಸ್ಯರು, ವಾರ್ಡನ್. ಅಧ್ಯಕ್ಷರು ಕಾಗದ ಓದಿ ಪಕ್ಕಕ್ಕಿಟ್ಟರು. "ನಮ್ಮ ಅಜ್ಜಿ ಎಂಬತ್ತೇಳು ವರ್ಷ ಇದ್ದಳು. ಕೊನೇ ತನಕ ಒಲೆ ಊದಿದಳು. ಅವಳಿಗೇನೂ ಆಗಲಿಲ್ಲ" ಎಂದರು.

ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಒಲೆಯಮ್ಮ ಮುಂದೆ ಬಂದಳು.

"ಒಳ್ಳೆ ಜೀವ ಅವರದು" ಎಂದಳು. "ಸ್ವಾಮಿ, ಅವರು ಮೆಟ್ಟಿಲು ಹತ್ತುವಾಗ ನಡುವೆ ನಿಂತು ಏನಾದ್ರೂ ನೋಡ್ತಿದ್ರಾ?"

ಅಧ್ಯಕ್ಷರು ಮೇಜಿನ ಮೇಲಿದ್ದ ಪೆನ್ನನ್ನು ತಿರುಗಿಸುತ್ತ ಕೂತರು. "ಗಿಡ ನೋಡ್ತಾ ನಿಲ್ಲೋಳು" ಎಂದರು. "ಗಿಡದ ಮೇಲೆ ಪ್ರೀತಿ ಅಂತಿದ್ದೆವು."

ಆಮೇಲೆ ಮಾತು ಬೇಗ ಮುಗಿಯಿತು. ಗ್ಯಾಸ್ ಒಲೆ ಹಾಕಿಸುವುದು, ಮಾಡಿಗೆ ಹೊಗೆಗೂಡು ಇಡಿಸುವುದು ಎಂದಾಯಿತು. ಮೇಲಿನವರ ಒಪ್ಪಿಗೆ ಬಂದು ಕೆಲಸ ಆಗಲು ಮೂರು ತಿಂಗಳು. ಅಲ್ಲಿಯ ತನಕ ಸೊಸೆ ಕೂರಲಿ, ನೀವು ವಿಶ್ರಾಂತಿ ತೆಗೆದುಕೊಳ್ಳಿ ಎಂದರು.

"ಅವಳು ಕೂರಲ್ಲ. ಮೂರು ತಿಂಗಳು ನಾನೇ ಕೂರ್ತೀನಿ" ಎಂದಳು ಒಲೆಯಮ್ಮ. "ನಂದು ಹೆಂಗಿದ್ರೂ ಹೋಗಿದೆ. ಅವಳದ್ದು, ಕೂಸಿಂದು ಇನ್ನೂ ಇದೆ."

ಆಗ ನನ್ನ ಸಿಟ್ಟು ಕಟ್ಟೆ ಒಡೆಯಿತು. "ನಿಮ್ಮದು ಹೋಗಿಲ್ಲ, ಐವತ್ತೆರಡು ಇದೆ, ಅದನ್ನೂ ಹಾಳು ಮಾಡ್ಕೊಳ್ತೀರಾ" ಎಂದು ಸಭೆ ಎಂಬುದನ್ನೂ ಮರೆತು ಕೂಗಿದೆ. ಹಾರ್ನು ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅವಳು ನನ್ನ ತೋಳು ಮುಟ್ಟಿ, "ಇರು ತಾಯಿ" ಎಂದಳು, ಮಗಳಿಗೆ ಹೇಳುವಂತೆ. ನನಗೆ ಅಳು ಬಂತು. ಎರಡು ಸಲ ಸೀಲು ಒತ್ತಿದವಳನ್ನು ಅವಳೇ ಸಮಾಧಾನ ಮಾಡುತ್ತಿದ್ದಳು.

ದಾರಿ ಕಂಡದ್ದು ವಾರ್ಡನ್‌ಗೆ. ಅಲ್ಲಿಯ ತನಕ ಬಾಯಿಬಿಡದೆ ಕೂತಿದ್ದವರು, "ಒಲೆ ಒಳಗೇ ಇರಬೇಕು ಅಂತ ಯಾರು ಹೇಳಿದ್ರು?" ಎಂದರು. ಯಾರೂ ಹೇಳಿರಲಿಲ್ಲ. ಆ ಮಧ್ಯಾಹ್ನವೇ ಗಾರೆ ಕೆಲಸದ ಇಬ್ಬರು ಬಂದರು. ನಾಲ್ಕು ಕಂಬ ನೆಟ್ಟು, ಮೇಲೆ ಎತ್ತರಕ್ಕೆ ತಗಡು ಹಾಕಿ, ಗೋಡೆಯಿಲ್ಲದ ಹಿತ್ತಲಲ್ಲಿ ಮೂರು ಒಲೆ ಕಟ್ಟಿದರು. ಹಸಿ ಸೌದೆಯನ್ನು ಬಿಸಿಲಿಗೆ ಹರಡಿ, ಒಣಗಿದ್ದನ್ನು ಮಾತ್ರ ಉರಿಸುವುದು ಎಂದಾಯಿತು. ಹೊಗೆ ಪೂರ್ತಿ ಹೋಗಲಿಲ್ಲ, ಆದರೆ ತಲೆಯ ಮೇಲೆ ಹಾದು ಗಾಳಿಯಲ್ಲಿ ಕರಗಿತು. ಸೌದೆ ಒಣಗಿದ್ದರಿಂದ ಹೆಚ್ಚು ಊದುವ ಕೆಲಸವೂ ಇರಲಿಲ್ಲ. ಕೂಸನ್ನು ವಾರ್ಡನ್ ತಮ್ಮ ಕೋಣೆಯಲ್ಲಿ ಮಲಗಿಸಿಕೊಂಡರು. ಸೊಸೆ ಅಡುಗೆಗೆ ನಿಂತಳು, ಒಲೆಯಮ್ಮ ದೂರದಲ್ಲಿ ಕುರ್ಚಿ ಹಾಕಿಕೊಂಡು ಉಪ್ಪು, ಹುಳಿ ಹೇಳುತ್ತ ಕೂತಳು. ಒಂದು ಮಧ್ಯಾಹ್ನದ ಕೆಲಸ. ಮೂವತ್ತನಾಲ್ಕು ವರ್ಷದಲ್ಲಿ ಆ ಒಂದು ಮಧ್ಯಾಹ್ನ ಯಾರಿಗೂ ಸಿಕ್ಕಿರಲಿಲ್ಲವಲ್ಲ ಎಂದು ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಸೋಮವಾರ ನಾನು ಕಪಾಟು ತೆಗೆದು ಎರಡು ವರ್ಷದ ಹಾಳೆಗಳನ್ನು ನೆಲದ ಮೇಲೆ ಸುರಿದುಕೊಂಡೆ. "ಸಹಕರಿಸಲಿಲ್ಲ" ಎಂದು ಸೀಲು ಬಿದ್ದ ಹೆಂಗಸರ ಹಾಳೆ ನಲವತ್ತೊಂದು. ಎಲ್ಲರ ನಮೂನೆಯಲ್ಲೂ ಬೀಡಿ, ಸಿಗರೇಟು ಇಲ್ಲ. ಒಬ್ಬೊಬ್ಬರಿಗೂ ಹೇಳಿ ಕಳಿಸಿದೆ. ಇಪ್ಪತ್ತಾರು ಜನ ಬಂದರು. ಅವರಿಗೆ ಊದಿಸಲು ನನಗೊಬ್ಬಳು ಗುರು ಬೇಕಿತ್ತು. ಪ್ರತಿ ಮಂಗಳವಾರ ಒಲೆಯಮ್ಮ ಊದುಗೊಳವೆ ಹಿಡಿದು ನನ್ನ ಕೋಣೆಗೆ ಬರತೊಡಗಿದಳು.

ಇನ್ನೊಂದು ವಿಷಯ ಡಾಕ್ಟರಮ್ಮ ಗಮನಿಸಿದರು. ಇಂಥ ಕಾಯಿಲೆಯವರಿಗೆ ನಾವು ಒಂದು ಉಸಿರಾಟ ಕಲಿಸುತ್ತೇವೆ: ಮೂಗಿನಿಂದ ಎಳೆದು, ತುಟಿ ಮುಂದೆ ಮಾಡಿ, ಎಳೆದದ್ದಕ್ಕಿಂತ ಎರಡರಷ್ಟು ಹೊತ್ತು ಮೆಲ್ಲಗೆ ಬಿಡುವುದು. ಹಾಗೆ ಬಿಟ್ಟರೆ ಒಳಗೆ ಒತ್ತಡ ಉಳಿದು ಸಣ್ಣ ಕೊಳವೆಗಳು ಬೇಗ ಮುಚ್ಚಿಕೊಳ್ಳುವುದಿಲ್ಲ, ಸಿಕ್ಕಿಕೊಂಡ ಗಾಳಿ ಹೊರಗೆ ಬರುತ್ತದೆ. ಕಲಿಯಲು ಜನರಿಗೆ ವಾರಗಟ್ಟಲೆ ಬೇಕು. ಒಲೆಯಮ್ಮನಿಗೆ ಅದು ಮೊದಲೇ ಬರುತ್ತಿತ್ತು. ಕ್ಯಾಲೆಂಡರ್ ನೋಡುತ್ತ ನಿಂತಾಗ ಅವಳು ಮಾಡುತ್ತಿದ್ದದ್ದು ಅದನ್ನೇ. ನನ್ನ ಯಂತ್ರದ ಮುಂದೆ ಅವಳನ್ನು ಸೋಲಿಸಿದ ಊದೇ ಇಷ್ಟು ವರ್ಷ ಅವಳನ್ನು ಮೆಟ್ಟಿಲು ಹತ್ತಿಸಿತ್ತು.

ಹೊಸಬರಿಗೆ ಅವಳ ಪಾಠ ಎರಡೇ ಮಾತು. "ಮಿಷನ್ನಿಗೆ ಬೂದಿ ಹಾರೋ ಹಾಗೆ ಊದು. ಮೆಟ್ಟಿಲಲ್ಲಿ ಬೂದಿ ಹಾರದ ಹಾಗೆ ಊದು." ಒಲೆ ಊದಿದ ಹೆಂಗಸರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಲಿಲ್ಲ. ಇಪ್ಪತ್ತಾರು ಜನರೂ ಸರಿಯಾಗಿ ಊದಿದರು. ಹನ್ನೊಂದು ಜನರ ಗೆರೆ ಒಲೆಯಮ್ಮನದರ ಹಾಗೇ ಬಾಗಿತು. ಈಗ ನಮ್ಮ ನಮೂನೆಯಲ್ಲಿ ಬೀಡಿಯ ಪ್ರಶ್ನೆಯ ಕೆಳಗೆ ಇನ್ನೊಂದು ಸಾಲಿದೆ: ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ.

ಗ್ಯಾಸ್ ಒಲೆ ಬಂದದ್ದು ಮೂರು ತಿಂಗಳಿಗಲ್ಲ, ಐದು ತಿಂಗಳಿಗೆ. ಅದು ಬಂದ ವಾರ ಒಲೆಯಮ್ಮ ಸೊಸೆಯನ್ನು ಕರೆದುಕೊಂಡು ಬಂದಳು. ಆ ಹುಡುಗಿಯ ಕೆಮ್ಮು ನಿಂತು ಬಹಳ ದಿನವಾಗಿತ್ತು, ಆದರೂ ಊದಿಸಿ ನೋಡಬೇಕು ಎಂದು ಅತ್ತೆಯ ಹಟ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಲೆಯಮ್ಮ ಪರದೆಯನ್ನೇ ನೋಡುತ್ತಿದ್ದಳು. ಸೊಸೆ ಮೂರು ಸಲ ಊದಿದಳು. ಗೆರೆ ಎದ್ದು ನೇರವಾಗಿ ಇಳಿಯಿತು. ಅಷ್ಟು ಮಂಗಳವಾರ ಕೂತವಳಿಗೆ ಗೆರೆ ಓದಲು ಬರುತ್ತಿತ್ತು. ಆದರೂ ಕೇಳಿದಳು, "ಎಷ್ಟು?"

"ಎಂಬತ್ಮೂರು" ಎಂದೆ.

"ಮಡಿಸದೆ ಕೊಡು" ಎಂದು ಆ ಕಾಗದ ಇಸಿದುಕೊಂಡಳು. ಅದನ್ನು ಕೈಯಲ್ಲಿ ಹಿಡಿದು ತುಟಿ ಮುಂದೆ ಮಾಡಿ ಒಂದು ಉಸಿರು ಬಿಟ್ಟಳು. ನಾನು ಎಣಿಸಿದೆ, ಒಂಬತ್ತು ಸೆಕೆಂಡು. ಆಮೇಲೆ ಊದುಗೊಳವೆಯನ್ನು ನನ್ನ ಮೇಜಿನ ಮೇಲೆ, ಮೊದಲು ಸೀಲು ಇರುತ್ತಿದ್ದ ಜಾಗದಲ್ಲಿ ಇಟ್ಟು, "ಇದು ಇನ್ನು ಇಲ್ಲೇ ಇರಲಿ, ಮನೇಲಿ ಯಾರಿಗೂ ಬೇಡ" ಎಂದಳು.